ಕೇಬಲ್ ಫೋಟೊದಲ್ಲಿ ಏನನ್ನು ನೋಡಬೇಕು?

ಆಡಿಯೊ ಅಂಗಡಿಯವರಿಗೆ ವಾಟ್ಸಾಪ್‌ನಲ್ಲಿ ಬರುವ ಕೇಬಲ್ ಫೋಟೊಗಳಲ್ಲಿ ಅನೇಕವು ತುದಿಯ ನೇರ ಎದುರಿನಿಂದ ತೆಗೆದವು. ಎಕ್ಸ್‌ಎಲ್‌ಆರ್ ಆಗಿದ್ದರೆ ಅಷ್ಟೇ ಸಾಕು. ಹೆಡ್‌ಫೋನ್ ಪಿನ್ ಆಗಿದ್ದರೆ ಮಾತ್ರ ಹೊಳೆಯುವ ಒಂದು ಚುಕ್ಕೆ ಬಿಟ್ಟು ಬೇರೇನೂ ಕಾಣದು. ಅದರ ಗುರುತೆಲ್ಲ ಪಕ್ಕದಲ್ಲಿದೆ.

ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಮೈಕ್ ಕೇಬಲ್ ಬೇಕಾಗಿದೆ, ಹಳೆಯ ಕೇಬಲ್ಲಿನ ಎರಡೂ ತುದಿಗಳ ಫೋಟೊ ಬಂದಿದೆ ಎನ್ನೋಣ. ಮೊದಲನೆಯದರಲ್ಲಿ ದಪ್ಪ ಲೋಹದ ಉಂಗುರ, ಒಳಗೆ ತ್ರಿಕೋನವಾಗಿ ಮೂರು ರಂಧ್ರ, ಮೇಲೆ ಒತ್ತಿ ಬಿಡಿಸುವ ಗುಂಡಿ. ಇದು ಎಕ್ಸ್‌ಎಲ್‌ಆರ್ ಫೀಮೇಲ್. ಮೈಕಿನ ಬುಡಕ್ಕೆ ಕೂರುವಂಥದ್ದು. ರಂಧ್ರದ ಬದಲು ಮೂರು ಕಡ್ಡಿ ಕಂಡರೆ ಅದು ಮೇಲ್. ಆಡಿಯೊ ಸಿಗ್ನಲ್ ಸಾಮಾನ್ಯವಾಗಿ ಕಡ್ಡಿಯಿರುವ ಕಡೆಯಿಂದ ಹೊರಡುತ್ತದೆ, ರಂಧ್ರವಿರುವ ಕಡೆ ಒಳಹೋಗುತ್ತದೆ. ಅರ್ಧವೃತ್ತದಲ್ಲಿ ಐದು ಕಡ್ಡಿ ಜೋಡಿಸಿದ್ದರೆ ಅದು ಕೀಬೋರ್ಡಿನ ಮಿಡಿ ಕೇಬಲ್ ಇರಬಹುದು.

ಎರಡನೆಯ ಫೋಟೊದಲ್ಲಿ ಉದ್ದನೆಯ ಪಿನ್, ಅದರ ಮೇಲೆ ಒಂದೇ ಕಪ್ಪು ಪಟ್ಟಿ. ಒಂದು ಪಟ್ಟಿ ಎಂದರೆ ಮೋನೊ, ಎರಡಿದ್ದರೆ ಸ್ಟೀರಿಯೊ ಹೆಡ್‌ಫೋನಿನದು, ಮೂರಿದ್ದರೆ ಮೈಕೂ ಸೇರಿದ ಮೊಬೈಲ್ ಇಯರ್‌ಫೋನಿನದು. ಆದರೆ ಗಾತ್ರ? 3.5 ಮಿ.ಮೀ. ಪಿನ್ನೂ 6.35 ಮಿ.ಮೀ. ಪಿನ್ನೂ ಫೋಟೊದಲ್ಲಿ ಒಂದೇ ಥರ. ಪಕ್ಕದಲ್ಲಿ ಪೆನ್ಸಿಲ್ ಇಟ್ಟು ಕ್ಲಿಕ್ಕಿಸಿದರೆ ಗೊಂದಲವಿಲ್ಲ: 6.35ರದು ಹೆಚ್ಚುಕಡಿಮೆ ಪೆನ್ಸಿಲ್ಲಿನಷ್ಟೇ ದಪ್ಪ. ಟೆಲಿಫೋನ್ ಎಕ್ಸ್‌ಚೇಂಜುಗಳಿಂದ ಬಂದ ಈ ದಪ್ಪ ಪಿನ್ನಿನ ಮೋನೊ ರೂಪವನ್ನು ನಮ್ಮ ಅಂಗಡಿಗಳಲ್ಲಿ ಪಿ-38 ಎನ್ನುತ್ತಾರೆ.

ಆಂಪ್ಲಿಫೈಯರಿನಲ್ಲಿ ಪಿ-38 ತೂತು ಮಾತ್ರ ಇದ್ದರೆ ಶಾಲೆಯವರು ಅದೇ ಬಗೆಯ ಕೇಬಲ್ ಕೊಳ್ಳಬಹುದು. ಎಕ್ಸ್‌ಎಲ್‌ಆರ್ ಇನ್‌ಪುಟ್ ಇದ್ದರೆ ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವುದೇ ವಾಸಿ. ಅದರಲ್ಲಿ ಒಂದು ಅರ್ಥ್, ಸಿಗ್ನಲ್ಲಿಗೆ ಎರಡು ತಂತಿ. ದಾರಿಯಲ್ಲಿ ಸೇರಿಕೊಂಡ ಗುಂಯ್‌ಗುಡುವಿಕೆ ಎರಡೂ ತಂತಿಗೆ ಸಮನಾಗಿ ತಗಲುತ್ತದೆ. ಯಂತ್ರ ಅವೆರಡರ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವುದರಿಂದ ಅದು ಬಹುಪಾಲು ಅಳಿದುಹೋಗುತ್ತದೆ. ಮೋನೊ ಪಿನ್ನಿನಲ್ಲಿ ಈ ಅನುಕೂಲವಿಲ್ಲ. ವೇದಿಕೆಯಿಂದ ಹಿಂದಿನ ಸಾಲಿನವರೆಗೆ ಎಳೆದ ಕೇಬಲ್ಲಿನಲ್ಲಿ ಅದು ಕಿವಿಗೇ ಗೊತ್ತಾಗುತ್ತದೆ.

ಆರ್‌ಸಿಎ ಪಿನ್ ಟಿವಿ, ಡಿವಿಡಿ, ಹೋಂ ಥಿಯೇಟರುಗಳದು: ನಡುವೆ ಸುಮಾರು 3 ಮಿ.ಮೀ. ದಪ್ಪದ ಒಂದೇ ಕಡ್ಡಿ, ಸುತ್ತ ಲೋಹದ ಬಳೆ. ಬಳೆಯಲ್ಲಿ ಹಲವು ಬಾರಿ ಸೀಳುಗಳಿರುತ್ತವೆ. ನಡುವೆ ತೆಳ್ಳನೆಯ ತಾಮ್ರದ ತಂತಿ, ಸುತ್ತ ತಿರುಪು ಇದ್ದರೆ ಅದು ಡಿಶ್ ಕೇಬಲ್. ನಡುವೆ ತೂತಿದ್ದರೆ ಪವರ್ ಅಡಾಪ್ಟರ್. ಕೆಂಪು ಬಲಗಡೆಯ ಧ್ವನಿಗೆ, ಬಿಳಿ ಎಡಕ್ಕೆ, ಹಳದಿ ಚಿತ್ರಕ್ಕೆ ಎಂಬ ರೂಢಿ ನಿಜವೇ, ಆದರೂ ಫೋಟೊದ ಬಣ್ಣವನ್ನು ನೆಚ್ಚಬಾರದು. ಹಳದಿ ಬಲ್ಬಿನ ಬೆಳಕಲ್ಲಿ ಬಿಳಿ ಪಿನ್ನೂ ಹಳದಿಯಾಗೇ ಕಾಣುತ್ತದೆ. ಹಗಲಲ್ಲಿ, ಕಿಟಕಿಯ ಹತ್ತಿರ ಇನ್ನೊಂದು ಫೋಟೊ ಕೇಳುವುದು ಉತ್ತಮ.