ದಾರಿ ಗೊತ್ತಿಲ್ಲದೆಯೂ ಮನೆ ಗುಡಿಸುವ ಯಂತ್ರ

ಅಗ್ಗದ ಕಸ ಗುಡಿಸುವ ರೋಬೋಟ್ ಒಂದನ್ನು ಹಾಲ್‌ನಲ್ಲಿ ಬಿಟ್ಟು ಐದು ನಿಮಿಷ ನೋಡಿದವರಿಗೆ ಅದರ ಮೇಲೆ ಅಪನಂಬಿಕೆ ಹುಟ್ಟುತ್ತದೆ. ಸೋಫಾಕ್ಕೆ ಢಿಕ್ಕಿ ಹೊಡೆದು, ಒಂದಿಷ್ಟು ತಿರುಗಿ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತದೆ. ಕಣ್ಣೆದುರಿಗೇ ಇರುವ ಕಸದ ಪಕ್ಕದಲ್ಲಿ ಹಾದುಹೋಗುತ್ತದೆ. ಇಂಥ ಓಡಾಟದ ಹಿಂದೆ ಯಾವ ಲೆಕ್ಕವೂ ಇಲ್ಲ ಎನಿಸುವುದು ಸಹಜ. ಆದರೆ ಲೆಕ್ಕ ಇದೆ, ಅದೂ ಬಲು ಚೊಕ್ಕವಾದದ್ದು.

2001ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ 'ಟ್ರೈಲೊಬೈಟ್' ಎಂಬ ರೋಬೋಟನ್ನು ಮಾರುಕಟ್ಟೆಗೆ ತಂದಿತು. ಅದು ಬಾವಲಿಯ ಹಾಗೆ ಶ್ರವಣಾತೀತ ಶಬ್ದ ಹೊರಡಿಸಿ, ಮರುಧ್ವನಿಯಿಂದ ಅಡೆತಡೆಗಳನ್ನು ಗುರುತಿಸುತ್ತಿತ್ತು. ಬೆಲೆ ಮಾತ್ರ ಸಾಮಾನ್ಯರಿಗೆ ಎಟುಕುವಂತಿರಲಿಲ್ಲ. ಮರುವರ್ಷ ಅಮೆರಿಕದ ಐರೋಬೋಟ್ ಕಂಪನಿಯ 'ರೂಂಬಾ' ಸುಮಾರು 200 ಡಾಲರಿಗೆ ಬಂತು. ಎಂಐಟಿಯ ರಾಡ್ನಿ ಬ್ರೂಕ್ಸ್, ಕಾಲಿನ್ ಏಂಗಲ್, ಹೆಲೆನ್ ಗ್ರೈನರ್ 1990ರಲ್ಲಿ ಕಟ್ಟಿದ ಕಂಪನಿ ಅದು. ರೂಂಬಾ ವಿನ್ಯಾಸದ ಮುಂಚೂಣಿಯಲ್ಲಿದ್ದವರು ಜೋ ಜೋನ್ಸ್ ಎಂಬ ಎಂಜಿನಿಯರ್. 200 ಡಾಲರಿನೊಳಗೆ ಮೋಟಾರು, ಬ್ಯಾಟರಿ, ಕುಂಚ, ಅಂಗಡಿಯವರ ಲಾಭ ಎಲ್ಲ ಮುಗಿಯಬೇಕು. ಕ್ಯಾಮೆರಾ, ಲೇಸರ್, ಕೋಣೆಯ ನಕ್ಷೆ ಇವಕ್ಕೆಲ್ಲ ದುಡ್ಡು ಉಳಿಯುವುದಿಲ್ಲ. ಹಾಗಾಗಿ ತಾನೆಲ್ಲಿದ್ದೇನೆಂದು ಎಂದೂ ತಿಳಿಯದ ಯಂತ್ರವೊಂದು ಇಡೀ ಕೋಣೆ ಗುಡಿಸುವಂತೆ ಮಾಡುವುದು ಹೇಗೆ ಎಂಬುದೇ ಅವರ ಮುಂದಿದ್ದ ಸವಾಲು.

ಸಾಲು ಹಿಡಿದು ಹೋಗಿಬಂದರೆ ಆಗದೇ? ಹೊಲ ಉತ್ತ ಹಾಗೆ ಒಂದು ಸಾಲು ಆ ಕಡೆ, ಪಕ್ಕದ ಸಾಲು ಈ ಕಡೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ನೆಲದ ಮೇಲೆ ಅದು ಕೈಕೊಡುತ್ತದೆ. ಎರಡು ಚಕ್ರಗಳ ನಡುವಿನ ಅಂತರ 23.5 ಸೆಂ.ಮೀ. ಎಂದುಕೊಳ್ಳಿ. ನಿಂತಲ್ಲೇ ಪೂರ್ತಿ ಹಿಂದಕ್ಕೆ ತಿರುಗಲು ಪ್ರತಿ ಚಕ್ರವೂ ಸುಮಾರು 37 ಸೆಂ.ಮೀ. ಉರುಳಬೇಕು. ನುಣುಪು ಟೈಲ್ಸ್ ಮೇಲೆ ಚಕ್ರ ನೂರಕ್ಕೆ ಎರಡರಷ್ಟು ಜಾರಿದರೂ ತಿರುವು 180 ಡಿಗ್ರಿಯ ಬದಲು 176ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ಸಣ್ಣ ವಾಲು ನಾಲ್ಕು ಮೀಟರ್ ಉದ್ದದ ಸಾಲಿನ ತುದಿ ಮುಟ್ಟುವಷ್ಟರಲ್ಲಿ 25 ಸೆಂ.ಮೀ. ಆಗಿರುತ್ತದೆ. ಕುಂಚದ ಅಗಲ 18 ಸೆಂ.ಮೀ. ಇದ್ದರೆ, ಒಂದೇ ತಿರುವಿನಲ್ಲಿ ಒಂದು ಪಟ್ಟಿಗಿಂತ ಹೆಚ್ಚು ತಪ್ಪಿಹೋಯಿತು. ಮುಂದಿನ ತಿರುವಿನ ತಪ್ಪು ಇದಕ್ಕೆ ಕೂಡಿಕೊಳ್ಳುತ್ತದೆ. ತಿದ್ದಿಕೊಳ್ಳಲು ಹೊರಗಿನ ಗುರುತು ಬೇಕು, ಅದಕ್ಕೆ ದುಬಾರಿ ಸೆನ್ಸರ್ ಬೇಕು. ರೂಂಬಾಗೇ ಕ್ಯಾಮೆರಾ ಬಳಸಿ ನಕ್ಷೆ ಮಾಡಿಕೊಳ್ಳುವ ಶಕ್ತಿ ಬಂದದ್ದು 2015ರ 980 ಮಾದರಿಯಲ್ಲಿ, 900 ಡಾಲರಿನ ಹತ್ತಿರದ ಬೆಲೆಗೆ.

ಗುರಿಯಿಲ್ಲದೆ ಅಲೆಯುವ ಯಂತ್ರಕ್ಕೆ ಈ ತೊಂದರೆಯೇ ಇಲ್ಲ. ತಪ್ಪಲು ಅದಕ್ಕೊಂದು ದಾರಿ ಇದ್ದರೆ ತಾನೆ! ಪ್ರಶ್ನೆ ಒಂದೇ, ಎಷ್ಟು ಹೊತ್ತು ಅಲೆಯಬೇಕು? 3 ಮೀಟರ್ ಅಗಲ, 4 ಮೀಟರ್ ಉದ್ದದ ಕೋಣೆ, ಅಂದರೆ 12 ಚದರ ಮೀಟರ್. ಸೆಕೆಂಡಿಗೆ 25 ಸೆಂ.ಮೀ. ವೇಗದಲ್ಲಿ 18 ಸೆಂ.ಮೀ. ಪಟ್ಟಿ ಗುಡಿಸಿದರೆ ನಿಮಿಷಕ್ಕೆ 2.7 ಚದರ ಮೀಟರ್ ಆಗುತ್ತದೆ. ಒಂದು ಸಲವೂ ಮರುಕಳಿಸದೆ ಗುಡಿಸಿದರೆ ನಾಲ್ಕೂವರೆ ನಿಮಿಷದ ಕೆಲಸ. ಎಲ್ಲೆಂದರಲ್ಲಿ ಅಲೆದರೆ ಅಷ್ಟೇ ಹೊತ್ತಿನಲ್ಲಿ ನೆಲದ ನೂರಕ್ಕೆ 63 ಭಾಗಕ್ಕೆ ಮಾತ್ರ ಕುಂಚ ತಾಗಿರುತ್ತದೆ, ಉಳಿದ ಹೊತ್ತೆಲ್ಲ ಗುಡಿಸಿದ್ದನ್ನೇ ಗುಡಿಸಲು ಹೋಗಿರುತ್ತದೆ. ಇನ್ನೊಂದು ನಾಲ್ಕೂವರೆ ನಿಮಿಷಕ್ಕೆ 86, ಮೂರನೆಯದಕ್ಕೆ 95. ನೂರಕ್ಕೆ 99 ಆಗಲು ಇಪ್ಪತ್ತು ನಿಮಿಷ ಬೇಕು. ಹಿಂದೆ ಸರಿಯುವುದು, ತಿರುಗುವುದು, ಮೇಜು ಕುರ್ಚಿಗಳ ನಡುವೆ ನುಸುಳುವುದು ಸೇರಿದರೆ ಮುಕ್ಕಾಲು ಗಂಟೆ ಎನ್ನಿ. ಮನೆಯವರು ಕೆಲಸಕ್ಕೆ ಹೋಗಿರುವಾಗ ಮುಕ್ಕಾಲು ಗಂಟೆ ಯಾರಿಗೆ ಭಾರ? ನಕ್ಷೆಗೆ ಕೊಡಬೇಕಾದ ಹಣವನ್ನು ಈ ಯಂತ್ರ ಸಮಯದ ರೂಪದಲ್ಲಿ ತೀರಿಸುತ್ತದೆ.

ಬರೀ ಅಲೆದಾಟಕ್ಕೆ ಎರಡು ದೌರ್ಬಲ್ಯಗಳಿವೆ. ಗೋಡೆಯಂಚಿನ ಕಸ ಉಳಿದುಬಿಡುತ್ತದೆ, 75 ಸೆಂ.ಮೀ. ಬಾಗಿಲಿನಿಂದ ಪಕ್ಕದ ಕೋಣೆಗೆ ದಾಟುವುದು ಅದೃಷ್ಟದ ಮಾತಾಗುತ್ತದೆ. ಅದಕ್ಕೇ ಜೋನ್ಸ್ ತಂಡ ಇನ್ನೆರಡು ನಡೆಗಳನ್ನು ಬೆರೆಸಿತು. ಬಯಲು ಸಿಕ್ಕಾಗ ಸುರುಳಿ ಸುತ್ತುವುದು ಒಂದು, ಸ್ವಲ್ಪ ದೂರ ಗೋಡೆಯನ್ನು ಬಲಕ್ಕಿಟ್ಟುಕೊಂಡು ಸಾಗುವುದು ಇನ್ನೊಂದು. ಗೋಡೆ ಹಿಡಿದು ಹೋಗುವ ಯಂತ್ರ ಬಾಗಿಲು ಬಂದಾಗ ತಾನಾಗಿ ಆ ಕೋಣೆಗೆ ತಿರುಗುತ್ತದೆ, ಬಾಗಿಲು ಯಾವುದೆಂದು ಅದಕ್ಕೆ ತಿಳಿದಿರಬೇಕಿಲ್ಲ.

ಈ ನಡೆಗಳನ್ನೆಲ್ಲ ಬದಲಿಸುವ ಸೂತ್ರ ಇರುವುದು ಬಂಪರ್‌ನಲ್ಲಿ. ಮುಂಭಾಗದ ಅರ್ಧವೃತ್ತದ ಪ್ಲಾಸ್ಟಿಕ್ ಕವಚ ಸ್ಪ್ರಿಂಗ್ ಮೇಲೆ ಕೂತಿರುತ್ತದೆ, ಅದರ ಹಿಂದೆ ಎಡಕ್ಕೊಂದು, ಬಲಕ್ಕೊಂದು ಸೆನ್ಸರ್. ಎಡದ್ದು ಮಾತ್ರ ಒತ್ತಿದರೆ ಅಡ್ಡಿ ಎಡಕ್ಕಿದೆ, ಎರಡೂ ಒತ್ತಿದರೆ ನೇರ ಎದುರಿಗಿದೆ. ಇಷ್ಟೇ ಸುದ್ದಿ. ಎಡಕ್ಕೆ ತಾಗಿದರೆ ಬಲಕ್ಕೆ, ಬಲಕ್ಕೆ ತಾಗಿದರೆ ಎಡಕ್ಕೆ ತಿರುಗು ಎಂದು ಹೊಸದಾಗಿ ರೋಬೋಟ್ ಕಟ್ಟುವವರು ಬರೆದಿಡುತ್ತಾರೆ. ಮೊದಲ ಮೂಲೆಯಲ್ಲೇ ಅದು ಸಿಕ್ಕಿಬೀಳುತ್ತದೆ. ಎಡಗೋಡೆ ಬಲಕ್ಕೆ ದೂಡುತ್ತದೆ, ಬಲಗೋಡೆ ಎಡಕ್ಕೆ ದೂಡುತ್ತದೆ, ಯಂತ್ರ ಬ್ಯಾಟರಿ ಮುಗಿಯುವವರೆಗೆ ತಲೆಯಾಡಿಸುತ್ತ ನಿಲ್ಲುತ್ತದೆ. ಪರಿಹಾರ ಸರಳ. ಸ್ವಲ್ಪ ಹೊತ್ತಿನೊಳಗೆ ಎರಡನೇ ಸಲ ಢಿಕ್ಕಿಯಾದರೆ ದಿಕ್ಕು ಬದಲಿಸದೆ, ಮೊದಲು ತಿರುಗಿದ ಕಡೆಗೇ ಇನ್ನಷ್ಟು ತಿರುಗಬೇಕು. ಎಷ್ಟು ಡಿಗ್ರಿ ಎಂಬುದನ್ನು ಪ್ರತಿ ಸಲವೂ ಬೇರೆ ಮಾಡಬೇಕು, ಇಲ್ಲದಿದ್ದರೆ ಎರಡು ಗೋಡೆಗಳ ನಡುವೆ ಒಂದೇ ಗೆರೆ ಮೇಲೆ ಓಡಾಡುತ್ತಿರುತ್ತದೆ.

ಯಂತ್ರ ದುಂಡಗಿರುವುದೂ ಇದಕ್ಕೇ. ಚಕ್ರಗಳು ವ್ಯಾಸದ ಎರಡು ತುದಿಗೆ ಇರುವುದರಿಂದ ನಿಂತಲ್ಲೇ ತಿರುಗಿದರೆ ದೇಹ ಹೊಸ ಜಾಗವನ್ನೇನೂ ಆಕ್ರಮಿಸುವುದಿಲ್ಲ. ಚೌಕಾಕಾರದ್ದಾಗಿದ್ದರೆ ಕುರ್ಚಿಯ ಕಾಲುಗಳ ನಡುವೆ ಹೊಕ್ಕಮೇಲೆ ಮೂಲೆಗಳು ತಡೆಯುತ್ತಿದ್ದವು.

ಬಂಪರ್ ಎಲ್ಲವನ್ನೂ ಹಿಡಿಯುವುದಿಲ್ಲ. ತಗ್ಗಾದ ಮಂಚದಡಿ ಯಂತ್ರದ ನೆತ್ತಿ ಸಿಕ್ಕಿಕೊಂಡರೆ, ನೆಲದ ಮೇಲಿನ ವೈರು ಚಕ್ರಕ್ಕೆ ಸುತ್ತಿಕೊಂಡರೆ ಅದಕ್ಕೆ ಏನೂ ತಿಳಿಯದು. ಚಕ್ರ ತಿರುಗುತ್ತಿದೆ, ಆದ್ದರಿಂದ ಮುಂದೆ ಹೋಗುತ್ತಿದ್ದೇನೆ ಎಂದೇ ಅದರ ಭಾವನೆ. ರೂಂಬಾದ ಮುಂದಿನ ಪುಟ್ಟ ಗಾಲಿಯನ್ನು ತೆಗೆದು ನೋಡಿದರೆ ಅರ್ಧ ಕಪ್ಪು, ಅರ್ಧ ಬಿಳಿ. ಮೇಲೆ ಕೂತ ಬೆಳಕಿನ ಸೆನ್ಸರ್‌ಗೆ ಕಪ್ಪು ಬಿಳಿ ಸರದಿಯಲ್ಲಿ ಕಾಣುತ್ತಿದ್ದರೆ ಯಂತ್ರ ಚಲಿಸುತ್ತಿದೆ ಎಂದರ್ಥ. ಮೋಟಾರು ತಿರುಗಿಯೂ ಬಣ್ಣ ಬದಲಾಗದಿದ್ದರೆ ಎಲ್ಲೋ ಸಿಕ್ಕಿಕೊಂಡಿದೆ. ಎಂಜಿನಿಯರಿಂಗ್‌ನಲ್ಲಿ ಜಾಣ್ಮೆ ಎಂದರೆ ಇಂಥದ್ದು. ಬಂಪರ್ ಸಂದಿನಲ್ಲಿ ಧೂಳು ಕಟ್ಟಿ ಸೆನ್ಸರ್ ಒತ್ತಿಕೊಂಡೇ ಉಳಿದರೆ ಯಂತ್ರ ಖಾಲಿ ಜಾಗದಲ್ಲೂ ಹಿಂದೆ ಸರಿಯುತ್ತ ಸುತ್ತುತ್ತದೆ. ಹಾಗೆ ಸುತ್ತಿದರೆ ಕವಚವನ್ನು ನಾಲ್ಕಾರು ಬಾರಿ ತಟ್ಟಿ ಊದಿ ನೋಡುವುದು ಮೊದಲ ಚಿಕಿತ್ಸೆ.

ಬಂಪರ್ ತಪ್ಪಿದರೆ ಹೋಗುವುದು ಹತ್ತು ನಿಮಿಷ. ಮೆಟ್ಟಿಲಿನ ಅಂಚು ತಪ್ಪಿದರೆ ಹೋಗುವುದು ಯಂತ್ರವೇ. ಮೊದಲ ಟ್ರೈಲೊಬೈಟ್ ಕೊಂಡವರು ಮೆಟ್ಟಿಲ ಬಾಯಲ್ಲಿ ಅಯಸ್ಕಾಂತದ ಪಟ್ಟಿ ಹಾಸಬೇಕಿತ್ತು. ರೂಂಬಾ ಆ ಕೆಲಸವನ್ನು ಹೊಟ್ಟೆಯಡಿಯ ನಾಲ್ಕು ಕಣ್ಣುಗಳಿಗೆ ವಹಿಸಿತು.

ಒಂದೊಂದು ಕಣ್ಣಿನಲ್ಲೂ ಅತಿಗೆಂಪು ಬೆಳಕು ಬಿಡುವ ಎಲ್‌ಇಡಿ ಒಂದು, ಅದನ್ನು ಹಿಡಿಯುವ ಗ್ರಾಹಕ ಒಂದು. ಎರಡನ್ನೂ ಓರೆಯಾಗಿ, ಒಂದರ ದೃಷ್ಟಿ ಇನ್ನೊಂದರದನ್ನು ಸರಿಯಾಗಿ ನೆಲದ ಮಟ್ಟದಲ್ಲಿ ಕತ್ತರಿಸುವ ಹಾಗೆ ಕೂರಿಸಿರುತ್ತಾರೆ. ನೆಲ ಇದ್ದರೆ ಬೆಳಕಿನ ಚುಕ್ಕೆ ಗ್ರಾಹಕದ ದೃಷ್ಟಿಗೆ ಬೀಳುತ್ತದೆ. ನೆಲ ಕೆಳಗಿಳಿದರೆ ಚುಕ್ಕೆ ಎಲ್ಲೋ ದೂರ ಬೀಳುತ್ತದೆ, ಗ್ರಾಹಕ ಕತ್ತಲನ್ನು ಕಾಣುತ್ತದೆ. ಕಿಟಕಿಯಿಂದ ಬರುವ ಬಿಸಿಲಿನಲ್ಲೂ ಅತಿಗೆಂಪು ಇರುವುದರಿಂದ ಎಲ್‌ಇಡಿಯನ್ನು ಸೆಕೆಂಡಿಗೆ ಸಾವಿರಾರು ಸಲ ಮಿನುಗಿಸಿ, ಉರಿದಾಗಿನ ಮತ್ತು ಆರಿದಾಗಿನ ಅಳತೆಗಳ ವ್ಯತ್ಯಾಸವನ್ನಷ್ಟೇ ನಂಬುತ್ತಾರೆ.

ಕಂಡರೆ ಸಾಲದು, ಬೀಳುವ ಮೊದಲು ನಿಲ್ಲಬೇಕು. ಕಾಲೇಜು ಹುಡುಗರು ಕಟ್ಟಿದ ಒಂದು ಯಂತ್ರದಲ್ಲಿ ಸೆನ್ಸರ್ ಮುಂದಂಚಿನಲ್ಲಿದೆ, ಪುಟ್ಟ ಗಾಲಿ ಅದಕ್ಕಿಂತ 5 ಸೆಂ.ಮೀ. ಹಿಂದಿದೆ ಎಂದು ಭಾವಿಸೋಣ. ವೇಗ ಸೆಕೆಂಡಿಗೆ 25 ಸೆಂ.ಮೀ., ಸೆನ್ಸರನ್ನು ಸೆಕೆಂಡಿಗೆ ಇಪ್ಪತ್ತು ಸಲ ಓದಲಾಗುತ್ತದೆ. ಅಂಚು ಗೊತ್ತಾಗುವಷ್ಟರಲ್ಲಿ ಒಂದೂಕಾಲು ಸೆಂ.ಮೀ. ಕಳೆದಿರಬಹುದು, ಬ್ರೇಕ್ ಹಾಕಿದ ಮೇಲೆ 2 ಸೆಂ.ಮೀ. ಜಾರಿದರೂ ಗಾಲಿ ಇನ್ನೂ ನೆಲದ ಮೇಲಿದೆ. ವೇಗವನ್ನು ದುಪ್ಪಟ್ಟು ಮಾಡಿದರೆ ತಡ ಎರಡೂವರೆ ಸೆಂ.ಮೀ. ಆಗುತ್ತದೆ, ಜಾರುವ ದೂರ ನಾಲ್ಕು ಪಟ್ಟಾಗಿ 8 ಸೆಂ.ಮೀ. ಮುಟ್ಟುತ್ತದೆ. ಗಾಲಿ ಗಾಳಿಯಲ್ಲಿ! ಮೇಜಿನ ಮೇಲೆ ನಿಧಾನಕ್ಕೆ ತಳ್ಳಿ ಪರೀಕ್ಷೆ ಮಾಡಿ ಪಾಸಾದ ಯಂತ್ರ ಮೆಟ್ಟಿಲಿನಲ್ಲಿ ಉರುಳುವುದು ಹೀಗೆ. ಅಂಚಿಗೆ ಓರೆಯಾಗಿ ಬಂದರೆ ಮುಂದಿನ ಕಣ್ಣು ನೆಲ ಕಾಣುತ್ತಿರುವಾಗಲೇ ಪಕ್ಕದ ಚಕ್ರ ಜಾರಬಹುದು. ಕಣ್ಣು ನಾಲ್ಕಿರುವುದು ಅದಕ್ಕೆ. ಹಿಂದೆ ಕಣ್ಣಿಲ್ಲವಾದ್ದರಿಂದ ಹಿಂದೆ ಸರಿಯುವುದು ಈಗಷ್ಟೇ ಬಂದ ದಾರಿಯಲ್ಲಿ ನೇರವಾಗಿ, ಚೂರೇ ಚೂರು.

ಇಷ್ಟೆಲ್ಲ ಜಾಗ್ರತೆ ಮಾಡಿದ ಕಣ್ಣಿಗೆ ಕಪ್ಪು ನೆಲ ಮತ್ತು ಪಾತಾಳದ ನಡುವೆ ವ್ಯತ್ಯಾಸ ತಿಳಿಯುವುದಿಲ್ಲ. ಗಾಢ ಕಪ್ಪಿನ ಕಾರ್ಪೆಟ್ ಅತಿಗೆಂಪನ್ನು ನುಂಗಿಬಿಡುತ್ತದೆ, ಬೆಳಕು ಮರಳುವುದಿಲ್ಲ. ಹೊಳಪು ಕೊಟ್ಟ ಕಪ್ಪು ಗ್ರಾನೈಟ್ ಬೆಳಕನ್ನು ಚದುರಿಸದೆ ಕನ್ನಡಿಯಂತೆ ಒಂದೇ ಕಡೆಗೆ ಎಸೆಯುತ್ತದೆ, ಅದು ಗ್ರಾಹಕಕ್ಕೆ ಸಿಗದೇ ಹೋಗಬಹುದು. ಬಿಳಿ ಟೈಲ್ಸ್ ಸುತ್ತ ಕಪ್ಪು ಗ್ರಾನೈಟಿನ ಪಟ್ಟಿ ಕೂರಿಸಿದ ಬೆಂಗಳೂರಿನ ಹಾಲ್‌ಗಳಲ್ಲಿ ಯಂತ್ರ ಆ ಪಟ್ಟಿಯನ್ನು ದಾಟದೆ ನಡುವಿನ ಚೌಕದಲ್ಲೇ ಸುತ್ತಿದರೆ ಕಾರಣ ಇದೇ. ತಯಾರಕರು ಇದನ್ನು ತಿಳಿದೇ ಒಪ್ಪಿಕೊಂಡಿದ್ದಾರೆ. ಬೆಳಕು ಬರದಿದ್ದರೆ ಪ್ರಪಾತ ಎಂದೇ ತಿಳಿಯುವುದರಿಂದ ಎಲ್‌ಇಡಿ ಸುಟ್ಟರೂ, ತಂತಿ ಕಿತ್ತರೂ ಯಂತ್ರ ನಿಲ್ಲುತ್ತದೆ, ಬೀಳುವುದಿಲ್ಲ. ಬೆಳಕಿನ ಪ್ರಮಾಣದ ಬದಲು ಅದು ಹೋಗಿಬರುವ ಸಮಯದಿಂದ ದೂರ ಅಳೆಯುವ ಸೆನ್ಸರ್‌ಗಳು ಕಪ್ಪಿಗೆ ಇಷ್ಟು ಸುಲಭವಾಗಿ ಮೋಸಹೋಗುವುದಿಲ್ಲ, ಆದರೆ ನಾಲ್ಕನ್ನು ಹಾಕಿದರೆ ಬೆಲೆ ಏರುತ್ತದೆ.

ಕಪ್ಪು ಕಾರ್ಪೆಟ್ ಇರುವವರು ಕೆಲವರು ಆ ಕಣ್ಣುಗಳ ಮೇಲೆ ಬಿಳಿ ಕಾಗದ ಅಂಟಿಸುತ್ತಾರೆ. ಒಂದೇ ಮಟ್ಟದ ಫ್ಲಾಟ್‌ನಲ್ಲಿ ಅದು ನಡೆದೀತು, ಮೆಟ್ಟಿಲಿರುವ ಮನೆಯಲ್ಲಿ ಆ ಯಂತ್ರ ಕುರುಡಾದಂತೆಯೇ. ಯಾರೂ ಅಂಟಿಸದೆಯೂ ಇದೇ ಗತಿ ಬರಬಹುದು. ಕೂದಲು ಧೂಳು ಸೇರಿದ ಬಿಳಿ ಉಂಡೆಯೊಂದು ಕಣ್ಣಿನ ಗುಳಿಯಲ್ಲಿ ಕೂತರೆ ಬೆಳಕು ಅಲ್ಲಿಂದಲೇ ಮರಳಿ, ನೆಲವಿಲ್ಲದ ಕಡೆಯೂ ನೆಲ ಕಾಣಿಸಬಹುದು. ಕಣ್ಣುಗಳನ್ನು ಒಣ ಬಟ್ಟೆಯಿಂದ ಒರೆಸಿ, ಯಂತ್ರ ಓಡುತ್ತಿರುವಾಗ ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಕಣ್ಣು ಮೆಟ್ಟಿಲಂಚಿನಿಂದ ಆಚೆಗೆ ಬರುವಂತೆ ಚಾಚಿದರೆ ಪರೀಕ್ಷೆ ಮುಗಿಯುತ್ತದೆ. ಪ್ರತಿ ಕಣ್ಣಿಗೂ ಚಕ್ರಗಳು ತಕ್ಷಣ ಹಿಂದಕ್ಕೆ ತಿರುಗಬೇಕು. ಯಾವ ಕಣ್ಣಿಗೆ ಮುಂದಕ್ಕೇ ಉರುಳುತ್ತವೋ ಆ ಕಣ್ಣು ಕೆಟ್ಟಿದೆ.