ಲೆಕ್ಕಕ್ಕೆ ಬಾರದ ಎಳನೀರು: ಒಂದು ವಾರ್ಡ್ ದಿನಚರಿಯ ಪುಟ

ಆಸ್ಪತ್ರೆಯಲ್ಲಿ ರೋಗಿಯ ಊಟವನ್ನು ಗೊತ್ತುಮಾಡುವವರು ಡಯಟೀಷಿಯನ್. ಕಾಯಿಲೆ, ರಕ್ತಪರೀಕ್ಷೆ, ಔಷಧಿ ಇವನ್ನೆಲ್ಲ ನೋಡಿ ಯಾರಿಗೆ ಏನು, ಎಷ್ಟು, ಹೇಗೆ ಬೇಯಿಸಿದ್ದು ಎಂದು ತೀರ್ಮಾನಿಸುವುದು ಅವರ ಕೆಲಸ. ಓದು ಮುಗಿಸಿದವರು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ತರಬೇತಿ ಪಡೆಯುತ್ತಾರೆ, ಆ ದಿನಗಳಲ್ಲಿ ಒಂದು ದಿನಚರಿ ಪುಸ್ತಕ ಬರೆಯುತ್ತಾರೆ. ಕಂಡದ್ದು, ಮಾಡಿದ್ದು, ಕಲಿತದ್ದು, ಇನ್ನೂ ಕಲಿಯಬೇಕಾದದ್ದು ಎಂದು ಅದರಲ್ಲಿ ನಾಲ್ಕು ಅಂಕಣ. ನಾನು ಅಂಥ ಪುಸ್ತಕಗಳನ್ನು ಬಹಳ ವರ್ಷಗಳಿಂದ ತಿದ್ದುತ್ತಿದ್ದೇನೆ. ಈ ಅಧ್ಯಾಯಕ್ಕೆ ಅಂಥದೊಂದೇ ಪುಟ ಸಾಕು. ಬರೆದವಳು ತಿಪಟೂರು ತಾಲ್ಲೂಕಿನ ಅರಳಗುಪ್ಪೆಯವಳು, ತೆಂಗಿನ ತೋಟದ ಮನೆಯ ಹುಡುಗಿ. ಅವಳು ಅಲ್ಲಿಯವಳು ಎಂಬುದು ಈ ಕಥೆಯಲ್ಲಿ ಮುಖ್ಯ. ಯಾಕೆಂದು ಮುಂದೆ ತಿಳಿಯುತ್ತದೆ.

ಅವಳ ಮೊದಲ ರೌಂಡ್ಸಿನ ದಿನ. ರೋಗಿಗೆ 56 ವರ್ಷ, ಅರಳಗುಪ್ಪೆಯ ಆಸುಪಾಸಿನ ರೈತ. 14 ವರ್ಷದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಮಾತ್ರೆ. ಎರಡು ದಿನದಿಂದ ಕಾಲಲ್ಲಿ ಬಲವಿಲ್ಲ, ಎದ್ದು ನಿಂತರೆ ಮೊಳಕಾಲು ಕುಸಿಯುತ್ತದೆ ಎಂದು ಬಂದವರು. ತೂಕ 58 ಕಿಲೋ, ಕ್ರಿಯಾಟಿನಿನ್ 3.2. ಅಂದರೆ ಕಿಡ್ನಿ ಸೋಸುವ ಶಕ್ತಿ ಐದರಲ್ಲಿ ಒಂದು ಪಾಲಿಗೆ ಇಳಿದಿದೆ. ರಕ್ತದ ಪೊಟ್ಯಾಸಿಯಂ 6.1. ಇದು 3.5ರಿಂದ 5ರೊಳಗೆ ಇರಬೇಕು. ಇಸಿಜಿಯಲ್ಲಿ ಟಿ ಅಲೆಗಳು ಗುಡಾರದ ಹಾಗೆ ಚೂಪಾಗಿ ಎದ್ದಿದ್ದವು. ಹೃದಯಕ್ಕೆ ಪೊಟ್ಯಾಸಿಯಂ ಹೆಚ್ಚಾಗಿದೆ ಎಂಬುದಕ್ಕೆ ಅದೇ ಗುರುತು. ವೈದ್ಯರು ಹಿಂದಿನ ರಾತ್ರಿಯೇ ಚುಚ್ಚುಮದ್ದುಗಳಿಂದ ಅಪಾಯವನ್ನು ತಪ್ಪಿಸಿದ್ದರು. ಬೆಳಿಗ್ಗೆ ರೌಂಡ್ಸಿನಲ್ಲಿ ಅವರು ಇವಳ ಕಡೆ ತಿರುಗಿ, "ಇಷ್ಟು ಪೊಟ್ಯಾಸಿಯಂ ಎಲ್ಲಿಂದ ಬಂತು, ಮಧ್ಯಾಹ್ನದೊಳಗೆ ಹೇಳಿ" ಎಂದರು.

ಅವಳು ಕ್ರಮ ತಪ್ಪಲಿಲ್ಲ. ಹಾಸಿಗೆಯ ಬಳಿ ಕೂತು ಹಿಂದಿನ ದಿನದ ಊಟವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಒಂದೊಂದಾಗಿ ಕೇಳಿದಳು. ಬೆಳಿಗ್ಗೆ ತಿಂಡಿ ಏನು? ಮಧ್ಯಾಹ್ನ? ರಾತ್ರಿ? "ತಿಂಡಿ ಕಮ್ಮಿ ಮಾಡಿದೀನಿ ಮೇಡಂ. ಎರಡೊತ್ತೂ ಒಂದೊಂದು ಮುದ್ದೆ, ಬಸ್ಸಾರು, ಒಂದು ಲೋಟ ಮಜ್ಜಿಗೆ, ಅಷ್ಟೇ" ಎಂದರು ರೈತ. ಅಲ್ಲಿ ಅವಳಿಗೆ ಸುಳಿವು ಸಿಗಲಿಲ್ಲ. ತೆಂಗಿನಲ್ಲಿ ಪೊಟ್ಯಾಸಿಯಂ ಹೆಚ್ಚು ಎಂದು ಓದಿದ್ದಳು. ಹಾಗಾಗಿ ಆಹಾರದ ಚೀಟಿಯಲ್ಲಿ ದೊಡ್ಡದಾಗಿ "ತೆಂಗಿನಕಾಯಿ ಸಂಪೂರ್ಣ ನಿಷೇಧ" ಎಂದು ಬರೆದಳು. ರೈತನ ಹೆಂಡತಿ ಚೀಟಿ ಓದಿಸಿಕೊಂಡು, "ಕಾಯಿ ಹಾಕ್ದೆ ಸಾರು ಹೆಂಗ್ ಮಾಡದು ಮೇಡಂ?" ಎಂದು ಕೇಳಿದರು. ಇವಳಿಗೆ ಉತ್ತರ ತೋಚಲಿಲ್ಲ. ಅದನ್ನೂ ದಿನಚರಿಯಲ್ಲಿ ಬರೆದಿದ್ದಾಳೆ.

ಮಧ್ಯಾಹ್ನ ನಾನು ಅವಳ ಜೊತೆ ಹೋದೆ. ಮಂಚದ ಕೆಳಗೆ ಕೊಚ್ಚಿದ ಎರಡು ಎಳನೀರು ಬುರುಡೆ ಬಿದ್ದಿದ್ದವು, ಮೂರನೆಯದು ಕಿಟಕಿಯ ಕಟ್ಟೆಯ ಮೇಲಿತ್ತು. ಬೆಳಿಗ್ಗೆಯೂ ಅವು ಅಲ್ಲೇ ಇದ್ದವು. ಅವಳು ನೋಡಿದ್ದಳು, ಆದರೆ ಕೇಳಿರಲಿಲ್ಲ. "ಎಳನೀರು ನನಗೆ ಊಟವಾಗಿ ಕಾಣಲಿಲ್ಲ. ನಮ್ಮ ಮನೆಯಲ್ಲಿ ಅದು ನೀರು. ತೋಟಕ್ಕೆ ಹೋದರೆ ಕುಡಿಯುತ್ತೇವೆ, ಲೆಕ್ಕ ಇಡುವುದಿಲ್ಲ" ಎಂದು ಆ ಸಂಜೆ ಬರೆದಳು. ರೋಗಿಯ ಮನಸ್ಸಿನಲ್ಲೂ ಇದೇ ಇತ್ತು. ಊಟ ಕೇಳಿದರೆ ಊಟ ಹೇಳಿದರು, ತಿಂಡಿ ಕೇಳಿದರೆ ತಿಂಡಿ ಹೇಳಿದರು. ಎಳನೀರು ಎರಡೂ ಅಲ್ಲ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು: ಕಿಡ್ನಿ ಸರಿಯಿಲ್ಲ ಎಂದು ತಿಳಿದಂದಿನಿಂದ ದಿನಕ್ಕೆ ಮೂರು ಕುಡಿಯುತ್ತಿದ್ದರು. "ತಂಪು, ಕಿಡ್ನಿ ತೊಳೀತದೆ ಅಂತ ಎಲ್ರೂ ಹೇಳ್ತಾರಲ್ಲ ಮೇಡಂ."

ಈ ನಂಬಿಕೆ ಹುಟ್ಟಿದ್ದು ಅನುಭವದಿಂದಲೇ. ಆರೋಗ್ಯವಂತರು ಬಿಸಿಲಲ್ಲಿ ದುಡಿದು ಎಳನೀರು ಕುಡಿದರೆ ಮೂತ್ರ ಸರಾಗವಾಗುತ್ತದೆ, ದಣಿವು ಇಳಿಯುತ್ತದೆ, ಯಾವ ಕೇಡೂ ಇಲ್ಲ. ಕೆಟ್ಟ ಕಿಡ್ನಿಯಲ್ಲಿ ಅದೇ ನೀರು ಯಾಕೆ ತಿರುಗಿ ಬೀಳುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ನನ್ನ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ.

ತಿಪಟೂರು ಸೀಮೆಯವರು ಕಾಯಿ ಕಿತ್ತ ಮೇಲೆ ಅಟ್ಟಕ್ಕೆ ಏರಿಸುತ್ತಾರೆ, ಅಲ್ಲಿ ಅವು ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತವೆ. ಮೈಯ ಪೊಟ್ಯಾಸಿಯಂ ಕೂಡ ಹೀಗೇ ಇರುತ್ತದೆ. ನೂರರಲ್ಲಿ ತೊಂಬತ್ತೆಂಟು ಪಾಲು ಜೀವಕೋಶಗಳೆಂಬ ಅಟ್ಟದೊಳಗೆ, ಅಂಗಳದಲ್ಲಿ ಅಂದರೆ ರಕ್ತದಲ್ಲಿ ಮತ್ತು ಕೋಶಗಳ ಹೊರಗಿನ ದ್ರವದಲ್ಲಿ ಕೇವಲ ಎರಡು ಪಾಲು. ಈ ರೈತನ ಮೈಯಲ್ಲಿ ಆ ಅಂಗಳದ ಪಾಲು ಸುಮಾರು ಎರಡರಿಂದ ಎರಡೂವರೆ ಗ್ರಾಂ ಅಷ್ಟೇ. ಹೃದಯ ಬಡಿಯುವುದು ಅಟ್ಟಕ್ಕೂ ಅಂಗಳಕ್ಕೂ ಇರುವ ಈ ವ್ಯತ್ಯಾಸದ ಬಲದ ಮೇಲೆ. ಅಂಗಳದಲ್ಲಿ ಸ್ವಲ್ಪ ಹೆಚ್ಚಾದರೂ ಬಡಿತದ ವಿದ್ಯುತ್ತು ದಾರಿ ತಪ್ಪುತ್ತದೆ, ಸ್ನಾಯುಗಳು ಸೋಲುತ್ತವೆ. ಕಾಲಲ್ಲಿ ಬಲವಿಲ್ಲ ಎಂದು ಅವರು ಬಂದದ್ದು ಇದರಿಂದಲೇ.

ಈಗ ಎಳನೀರಿನ ಲೆಕ್ಕ. ನೂರು ಮಿಲಿಲೀಟರ್ ಎಳನೀರಿನಲ್ಲಿ ಸುಮಾರು 200 ಮಿಲಿಗ್ರಾಂ ಪೊಟ್ಯಾಸಿಯಂ, ತಳಿ ಮತ್ತು ಎಳಸುತನಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ. ಒಂದು ಬುರುಡೆಯಲ್ಲಿ 350 ಮಿಲಿಲೀಟರ್ ಎಂದಿಟ್ಟುಕೊಳ್ಳಿ, 700 ಮಿಲಿಗ್ರಾಂ ಆಯಿತು. ಅಂಗಳದಲ್ಲಿ ಇರುವುದರ ಕಾಲು ಭಾಗಕ್ಕಿಂತ ಹೆಚ್ಚು, ಒಂದೇ ಗುಕ್ಕಿಗೆ! ಅಷ್ಟೂ ಅಲ್ಲೇ ಉಳಿದರೆ ಯಾರ ಹೃದಯವೂ ತಡೆಯದು. ಉಳಿಯುವುದಿಲ್ಲ, ಯಾಕೆಂದರೆ ಇಬ್ಬರು ಕಾವಲುಗಾರರಿದ್ದಾರೆ. ಮೊದಲನೆಯದು ಇನ್ಸುಲಿನ್. ಬಂದ ಪೊಟ್ಯಾಸಿಯಮ್ಮನ್ನು ಬೇಗ ಅಟ್ಟಕ್ಕೆ ಏರಿಸುತ್ತದೆ. ಎರಡನೆಯದು ಕಿಡ್ನಿ. ದಿನವೂ ತಿಂದದ್ದರಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲನ್ನು ಗಂಟೆಗಳ ಅಂತರದಲ್ಲಿ ಗಾಡಿ ಹೇರಿ ಹೊರಗೆ ಕಳಿಸುತ್ತದೆ. ನಮ್ಮ ರೈತನಿಗೆ ಸಕ್ಕರೆ ಕಾಯಿಲೆಯಿಂದ ಮೊದಲ ಕಾವಲು ಸೊರಗಿತ್ತು, ಎರಡನೆಯದರಲ್ಲಿ ಐದು ಗಾಡಿಗೆ ಒಂದೇ ಉಳಿದಿತ್ತು. ಇದರ ಮೇಲೆ ಟೆಲ್ಮಿಸಾರ್ಟನ್. ಪೊಟ್ಯಾಸಿಯಂ ಹೊರಹಾಕು ಎಂದು ಕಿಡ್ನಿಗೆ ಹೇಳುವ ಅಲ್ಡೋಸ್ಟಿರೋನ್ ಹಾರ್ಮೋನನ್ನು ಅದು ತಗ್ಗಿಸುತ್ತದೆ. ಹಾಗೆಂದು ಮಾತ್ರೆಯನ್ನು ರೋಗಿ ತಾನಾಗಿ ಬಿಡಕೂಡದು. ಕಿಡ್ನಿಯನ್ನು ಕಾಯುವ ಮಾತ್ರೆಗಳಲ್ಲಿ ಅದೂ ಒಂದು, ಬಿಡುವುದು ಉಳಿಸುವುದು ವೈದ್ಯರ ತೀರ್ಮಾನ. ಔಷಧಿ ಪಟ್ಟಿಯನ್ನು ಓದಿಯೂ ಈ ಸಂಬಂಧ ತನಗೆ ಹೊಳೆಯಲಿಲ್ಲ ಎಂದು ಹುಡುಗಿ "ಕಲಿಯಬೇಕಾದದ್ದು" ಅಂಕಣದಲ್ಲಿ ಬರೆದಿದ್ದಾಳೆ.

ಇಬ್ಬರೂ ಕೂತು ದಿನದ ಲೆಕ್ಕವನ್ನು ಮತ್ತೆ ಹಾಕಿದೆವು. ಮೂರು ಎಳನೀರು 2,100 ಮಿಲಿಗ್ರಾಂ. ಎರಡು ಮುದ್ದೆಗೆ ಸುಮಾರು 180 ಗ್ರಾಂ ರಾಗಿ ಹಿಟ್ಟು, ಅದರಿಂದ 800. ಸೊಪ್ಪು ಕಾಳಿನ ಪಲ್ಯ ಮತ್ತು ಬಸ್ಸಾರಿನಿಂದ 700. ಮಜ್ಜಿಗೆ ಮತ್ತು ಹಾಲಿನಿಂದ 450. ಸಾರಿಗೆ ರುಬ್ಬಿದ ಕಾಯಿ, ಅವರ ಪಾಲಿಗೆ ಬಂದದ್ದು 30 ಗ್ರಾಂ, ಅದರಿಂದ ಬರೀ 100. ಒಟ್ಟು ನಾಲ್ಕು ಸಾವಿರಕ್ಕೆ ಮೇಲೆ. ಇಂಥ ರೋಗಿಗೆ ನಾವು ಸಾಮಾನ್ಯವಾಗಿ ಹಾಕಿಕೊಳ್ಳುವ ಮಿತಿ ಎರಡು ಸಾವಿರದ ಆಚೀಚೆ. ಎಳನೀರನ್ನು ಮಾತ್ರ ತೆಗೆದರೆ ಲೆಕ್ಕ ಹೆಚ್ಚುಕಡಿಮೆ ಅಲ್ಲಿಗೇ ಇಳಿಯುತ್ತದೆ.

"ತೆಂಗಿನಕಾಯಿ ನಿಷೇಧ" ಎಂಬ ಚೀಟಿ ಏನು ಮಾಡುತ್ತಿತ್ತು ನೋಡಿ. ಆ ಸೀಮೆಯಲ್ಲಿ ಕಾಯಿ ಎಂದರೆ ತುರಿಯುವ, ರುಬ್ಬುವ ಬಲಿತ ಕಾಯಿ. ಎಳನೀರು ಕಾಯಿಯಲ್ಲ. ಚೀಟಿಯನ್ನು ನಂಬಿ ಆ ತಾಯಿ ಸಾರಿಗೆ ಕಾಯಿ ಹಾಕುವುದನ್ನು ಬಿಟ್ಟು 100 ಮಿಲಿಗ್ರಾಂ ಉಳಿಸುತ್ತಿದ್ದರು, ರುಚಿಗೆಟ್ಟ ಸಾರಿನಲ್ಲಿ ಗಂಡ ಮುದ್ದೆ ನುಂಗಲಾರದೆ ಸೊರಗುತ್ತಿದ್ದರು, ಎಳನೀರು ಮೂರಕ್ಕೆ ಮೂರೂ ಒಳಗೆ ಹೋಗುತ್ತಲೇ ಇತ್ತು. ಅವಳು ಚೀಟಿಯನ್ನು ಹರಿದು ಹೊಸದು ಬರೆದಳು: ಎಳನೀರು, ಬಲಿತ ಕಾಯಿಯ ನೀರು ಬೇಡ. ಸಾರಿಗೆ ಒಂದೆರಡು ಚಮಚ ಕಾಯಿತುರಿ ಇರಲಿ.

ಬಸ್ಸಾರಿನ ಮಾತು ಇನ್ನೂ ಉಳಿದಿದೆ. ತರಕಾರಿಯನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ನೀರು ಬಸಿದು ತಿನ್ನಿ ಎಂಬುದು ಕಿಡ್ನಿ ರೋಗಿಗಳಿಗೆ ಎಲ್ಲ ಕಡೆ ಕೊಡುವ ಸಲಹೆ. ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತದೆ, ಹಾಗೆ ಮಾಡಿದರೆ ಸುಮಾರು ಅರ್ಧದಷ್ಟು ಹೊರಗೆ ಹೋಗಬಹುದು. ತಣ್ಣೀರಿನಲ್ಲಿ ಸುಮ್ಮನೆ ನೆನೆಸಿದರೆ ಹೋಗುವುದು ಅಷ್ಟಕ್ಕಷ್ಟೆ, ಕುದಿಯಬೇಕು. ಹುಡುಗಿ ಈ ಸಲಹೆಯನ್ನು ಅಂದವಾಗಿ ವಿವರಿಸಿದಳು. ಆ ತಾಯಿ ಮುಖ ಅರಳಿಸಿ, "ನಾವು ದಿನಾ ಬಸೀತೀವಿ ಮೇಡಂ" ಎಂದರು. ಬಸಿಯುತ್ತಾರೆ, ನಿಜ. ಆದರೆ ಆ ಸೀಮೆಯಲ್ಲಿ ಬಸಿದ ನೀರು ಚರಂಡಿಗೆ ಹೋಗುವುದಿಲ್ಲ. ಸೊಪ್ಪು ಕಾಳು ಪಲ್ಯವಾಗುತ್ತದೆ, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಅದೇ ಬಸ್ಸಾರು. ಸೊಪ್ಪಿನಿಂದ ಹೊರಬಂದ ಪೊಟ್ಯಾಸಿಯಂ ಅದೇ ತಟ್ಟೆಗೆ, ಮುದ್ದೆಯ ಪಕ್ಕಕ್ಕೆ ಮರಳುತ್ತದೆ. ಹುರುಳಿ ಕಟ್ಟಿನ ಸಾರಾದರಂತೂ ಇನ್ನೂ ಎಚ್ಚರ ಬೇಕು. ಹುರುಳಿಕಾಳಿನಲ್ಲಿ ನೂರು ಗ್ರಾಮಿಗೆ ಸಾವಿರ ಮಿಲಿಗ್ರಾಮಿನಷ್ಟು ಪೊಟ್ಯಾಸಿಯಂ ಇದೆ, ಕುದಿಸಿದಾಗ ದೊಡ್ಡ ಪಾಲು ಆ ಕಟ್ಟಿಗೇ ಇಳಿಯುತ್ತದೆ. ಆರೋಗ್ಯವಂತರಿಗೆ ಇದು ಸೊಗಸಾದ ಅಡುಗೆ, ಏನನ್ನೂ ಚೆಲ್ಲದ ಜಾಣತನ. ಈ ರೋಗಿಗೆ ಮಾತ್ರ ಪಲ್ಯ ಬಡಿಸಿ, ಸಾರಿಗೆ ಬೇರೆ ನೀರು ಹಾಕಿ ಸ್ವಲ್ಪ ತೊಗರಿಬೇಳೆಯಲ್ಲಿ ಮಾಡಿ, ಕಟ್ಟನ್ನು ಮನೆಯ ಉಳಿದವರು ಉಣ್ಣಲಿ ಎಂದು ತೀರ್ಮಾನವಾಯಿತು. ಇದನ್ನು ಆ ತಾಯಿಯೇ ಸೂಚಿಸಿದ್ದು.

ಒಂದು ಎಚ್ಚರಿಕೆಯನ್ನು ಅವಳ ಪುಟದ ಅಂಚಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಬರೆದೆ. ರಕ್ತ ತೆಗೆಯುವಾಗ ಕಟ್ಟು ಬಿಗಿಯಾಗಿದ್ದು ರೋಗಿ ಮುಷ್ಟಿ ಹಿಂಡುತ್ತಿದ್ದರೆ, ಇಲ್ಲವೇ ಸೀಸೆಯಲ್ಲಿ ರಕ್ತಕಣ ಒಡೆದರೆ, ಜೀವಕೋಶಗಳೊಳಗಿನ ಪೊಟ್ಯಾಸಿಯಂ ಹೊರಬಂದು ಸುಳ್ಳು ಅಂಕಿ ತೋರಿಸುತ್ತದೆ. ರೋಗಿ ಚೆನ್ನಾಗಿದ್ದು ಇಸಿಜಿ ಸರಿಯಿದ್ದರೆ ಮೊದಲು ಮತ್ತೊಮ್ಮೆ ರಕ್ತ ಪರೀಕ್ಷಿಸಬೇಕು. ಈ ರೈತನಿಗೆ ಎರಡನೆಯ ಸಲವೂ 6.0 ಬಂದಿತ್ತು, ಇಸಿಜಿಯೂ ಒಪ್ಪಿತ್ತು. ಹಾಗೆಯೇ ಕಿಡ್ನಿ ಕಾಯಿಲೆಯವರೆಲ್ಲ ಎಳನೀರು, ಹಣ್ಣು, ಸೊಪ್ಪು ಬಿಡಬೇಕು ಎಂದಲ್ಲ. ರಕ್ತದ ಪೊಟ್ಯಾಸಿಯಂ ಮಿತಿಯಲ್ಲಿರುವವರಿಗೆ ಸುಮ್ಮನೆ ಪಥ್ಯ ಹೇರಿದರೆ ಅವರು ಬಡಕಲಾಗುತ್ತಾರೆ, ಮಲಬದ್ಧತೆಯಾದರೆ ಪೊಟ್ಯಾಸಿಯಂ ಹೊರಹೋಗುವ ಇನ್ನೊಂದು ದಾರಿಯೂ ಕಟ್ಟುತ್ತದೆ.

ಹತ್ತು ದಿನದ ಮೇಲೆ ರೈತ ತೋರಿಸಿಕೊಳ್ಳಲು ಬಂದಾಗ ಪೊಟ್ಯಾಸಿಯಂ 4.9 ಇತ್ತು. "ಕಲಿತದ್ದು" ಅಂಕಣದಲ್ಲಿ ಅವಳು ಬರೆದದ್ದು ಒಂದೇ ಸಾಲು: "ಊಟ ಕೇಳುವ ಮೊದಲು, ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಏನೇನು ಹೋಯಿತು, ನೀರನ್ನೂ ಸೇರಿಸಿ ಹೇಳಿ ಎಂದು ಕೇಳುತ್ತೇನೆ." "ಕಲಿಯಬೇಕಾದದ್ದು" ಅಂಕಣ ಮಾತ್ರ ಉದ್ದವಿದೆ. ಅದರ ಕೊನೆಯಲ್ಲಿ ಒಂದು ಯೋಜನೆ: ರಜೆಗೆ ಊರಿಗೆ ಹೋದಾಗ ಅಜ್ಜಿಯ ಪಾತ್ರೆಯಲ್ಲಿ ಬಸ್ಸಾರು ಮಾಡುವಾಗ ಸೊಪ್ಪಿನ ತೂಕ, ನೀರಿನ ಅಳತೆ, ಕುದಿಸಿದ ಹೊತ್ತು ಎಲ್ಲವನ್ನೂ ಬರೆದುಕೊಂಡು, ಬಸಿದ ಕಟ್ಟಿನ ಒಂದು ಸೀಸೆಯನ್ನೂ ಬೆಂದ ಸೊಪ್ಪಿನ ಒಂದು ಡಬ್ಬಿಯನ್ನೂ ಪ್ರಯೋಗಾಲಯಕ್ಕೆ ತರುವುದು. ತೆಂಗಿನ ಸೀಮೆಯಿಂದ ಈ ಓದಿಗೆ ಬರುವ ಪ್ರತಿಯೊಬ್ಬರೂ ತಮ್ಮ ಮನೆಯ ಒಂದೊಂದು ಅಡುಗೆಯನ್ನು ಹೀಗೆ ತೂಗಿ ಅಳೆದು ತರಲಿ ಎಂದು ನಾನು ಕೇಳುತ್ತಿದ್ದೇನೆ. ಅವಳ ಸೀಸೆಗೆ ಅಂಟಿಸುವ ಚೀಟಿ ಆಗಲೇ ತಯಾರಿದೆ: ಅರಳಗುಪ್ಪೆ, ದಂಟಿನ ಸೊಪ್ಪು, ಅವರೆಕಾಳು, ಮೊದಲ ಕಟ್ಟು.