ಹೋಟೆಲ್ ರೂಮಿಗೆ ನಿಜವಾಗಿ ಎಷ್ಟು ಕೊಡ್ತೀರಿ?

[ತೆರೆಯ ಮೇಲೆ: ₹3,000]
ಮೈಸೂರಲ್ಲಿ ಎರಡು ರಾತ್ರಿಗೆ ರೂಮ್ ನೋಡ್ತಿದ್ದೀರಿ ಅಂದ್ಕೊಳ್ಳಿ. ಆ್ಯಪ್‌ನಲ್ಲಿ ದಪ್ಪ ಅಕ್ಷರದಲ್ಲಿ 3,000 ರೂಪಾಯಿ ಅಂತಿದೆ. ಅದರ ಕೆಳಗಿರೋ ಸಣ್ಣ ಅಕ್ಷರ ಓದಿ: ಒಂದು ರಾತ್ರಿಗೆ, ತೆರಿಗೆ ಬೇರೆ.

ಒಂದು ರಾತ್ರಿಗೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%. ಅದನ್ನ ದಾಟಿದ್ರೆ 18%. ಹಾಗಾಗಿ ನಿಮ್ಮ ರೂಮಿಗೆ ರಾತ್ರಿಗೆ 3,150, ಎರಡು ರಾತ್ರಿಗೆ 6,300.

[ತೆರೆಯ ಮೇಲೆ: ₹6,300 / ₹7,140]
ಆದ್ರೆ ಇದು ನಾನ್ ರಿಫಂಡಬಲ್ ದರ. ಹೋಗದಿದ್ರೆ ದುಡ್ಡು ವಾಪಸ್ ಬರಲ್ಲ. ಅದೇ ರೂಮು ರಿಫಂಡಬಲ್ ಆದ್ರೆ ರಾತ್ರಿಗೆ 3,400. ತೆರಿಗೆ ಸೇರಿ ಎರಡು ರಾತ್ರಿಗೆ 7,140. ವ್ಯತ್ಯಾಸ 840 ರೂಪಾಯಿ. ರಜೆ ಮಂಜೂರಾಗಿ, ಟ್ರೈನ್ ಟಿಕೆಟ್ ಕನ್‌ಫರ್ಮ್ ಆಗಿದ್ರೆ ಅದನ್ನ ಉಳಿಸಬಹುದು. ಇಲ್ಲದಿದ್ರೆ 6,300 ಕಳ್ಕೊಳ್ಳೋದಕ್ಕಿಂತ 840 ಹೆಚ್ಚು ಕೊಡೋದೇ ವಾಸಿ.

[ತೆರೆಯ ಮೇಲೆ: ಬುಧವಾರ ಮಧ್ಯಾಹ್ನ 12]
ರಿಫಂಡಬಲ್‌ಗೂ ಗಡುವು ಇರುತ್ತೆ. ಶುಕ್ರವಾರ ಚೆಕ್‌-ಇನ್, ಉಚಿತ ಕ್ಯಾನ್ಸಲೇಶನ್ ಬುಧವಾರ ಮಧ್ಯಾಹ್ನ 12ರವರೆಗೆ, ಆಮೇಲೆ ಒಂದು ರಾತ್ರಿಯ ಬಾಡಿಗೆ ಕಡಿತ ಅಂತ ಷರತ್ತಿದೆ ಅನ್ನಿ. ಬುಧವಾರ ಸಂಜೆ ರದ್ದು ಮಾಡಿದ್ರೆ 3,570 ಹೋಯ್ತು.

‘ಹೋಟೆಲ್‌ನಲ್ಲೇ ಪಾವತಿಸಿ’ ಅಂತಿದ್ದ ಮಾತ್ರಕ್ಕೆ ಉಚಿತವಾಗಿ ರದ್ದು ಮಾಡಬಹುದು ಅಂತಲ್ಲ. ಕಾರ್ಡ್ ವಿವರ ಕೊಟ್ಟಿದ್ರೆ ಅದರಿಂದಲೇ ಕಡಿತ ಆಗಬಹುದು.

ದುಡ್ಡು ಕಟ್ಟೋ ಮುಂಚೆ ಕೊನೇ ಪುಟದಲ್ಲಿ ಒಟ್ಟು ಮೊತ್ತ, ಗಡುವಿನ ದಿನ ಮತ್ತು ಗಂಟೆ ನೋಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.